ಅಗ್ಗದ ಗೂಡು, ದುಬಾರಿ ನೂಲು

ರಾಮನಗರದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಹರಾಜಿಗೆ ಮುಂಚೆ ರೀಲರುಗಳು ಲಾಟಿನಿಂದ ಲಾಟಿಗೆ ಸುತ್ತುತ್ತಾರೆ. ಒಂದು ಹಿಡಿ ಗೂಡು ಎತ್ತಿ ಬೆರಳಲ್ಲಿ ಅದುಮುತ್ತಾರೆ. ಕಲೆ ಬಿದ್ದವು ಎಷ್ಟು, ತೆಳುವಾದವು ಎಷ್ಟು, ಊಜಿ ನೊಣದ ಹುಳು ತೂತು ಮಾಡಿದವು ಎಷ್ಟು ಎಂದು ಕಣ್ಣಲ್ಲೇ ಅಳೆಯುತ್ತಾರೆ. ಆಗ ಅವರ ತಲೆಯಲ್ಲಿ ಓಡುವುದು ಎರಡೇ ಅಂಕಿ: ಕಿಲೋ ಗೂಡಿಗೆ ಎಷ್ಟು ಕೊಡಬೇಕು, ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಹೋದೀತು. ಎರಡನೆಯದಕ್ಕೆ ಅವರ ಮಾತಿನಲ್ಲಿ ರೆಂಡಿಟಾ ಎನ್ನುತ್ತಾರೆ.

ಲೆಕ್ಕಪತ್ರದವರು ಸ್ಟ್ಯಾಂಡರ್ಡ್ ಕಾಸ್ಟಿಂಗ್ ಎನ್ನುವುದೂ ಈ ಎರಡು ಅಂಕಿಗಳನ್ನು ಮೊದಲೇ ಬರೆದಿಟ್ಟುಕೊಳ್ಳುವುದಕ್ಕೇ. ಬೆಲೆ ತಪ್ಪಿದರೆ ಅದು ಬೆಲೆ ವ್ಯತ್ಯಾಸ, ಪ್ರಮಾಣ ತಪ್ಪಿದರೆ ಬಳಕೆ ವ್ಯತ್ಯಾಸ.

ಲೆಕ್ಕಕ್ಕಾಗಿ ಒಂದು ನೂಲು ಬಿಚ್ಚುವ ಘಟಕವನ್ನು ಊಹಿಸಿಕೊಳ್ಳಿ. ಅಲ್ಲಿ ಇಟ್ಟುಕೊಂಡ ಮಟ್ಟ ಕಿಲೋಗೆ ₹600, ರೆಂಡಿಟಾ 7.5. ಹಾಗಾದರೆ 20 ಕಿಲೋ ನೂಲಿಗೆ 150 ಕಿಲೋ ಗೂಡು, ₹90,000 ಖರ್ಚು. ಆದದ್ದೇ ಬೇರೆ. ಗೂಡು ₹560ಕ್ಕೆ ಸಿಕ್ಕಿತು, ಆದರೆ 164 ಕಿಲೋ ಬೇಕಾಯಿತು, ಖರ್ಚು ₹91,840. ಒಟ್ಟು ನೋಡಿದರೆ ₹1,840 ಹೆಚ್ಚು. ಎರಡು ಪರ್ಸೆಂಟ್ ತಾನೇ ಎಂದು ಮಾಲೀಕರು ಮುಂದಿನ ಹಾಳೆ ತಿರುಗಿಸಿಬಿಡಬಹುದು.

ಒಡೆದು ನೋಡಿದರೆ ಚಿತ್ರ ಬದಲಾಗುತ್ತದೆ. ಕಿಲೋಗೆ ₹40 ಉಳಿತಾಯ, 164 ಕಿಲೋಗೆ ₹6,560 ಲಾಭದ ಬೆಲೆ ವ್ಯತ್ಯಾಸ. 14 ಕಿಲೋ ಹೆಚ್ಚು ಹೋದದ್ದಕ್ಕೆ ₹8,400 ನಷ್ಟದ ಬಳಕೆ ವ್ಯತ್ಯಾಸ. ಈ 14 ಕಿಲೋಗೆ ಕೊಂಡ ಬೆಲೆಯನ್ನು ಹಾಕದೆ ₹600ನ್ನೇ ಹಾಕಿದ್ದು ಬೇಕೆಂದೇ. ಮಾರುಕಟ್ಟೆಯ ಏರಿಳಿತ ಉತ್ಪಾದನಾ ಮ್ಯಾನೇಜರನ ತಲೆಗೆ ಬರಬಾರದು, ಅವನ ಲೆಕ್ಕದಲ್ಲಿ ಕಿಲೋಗಳು ಮಾತ್ರ ಮಾತಾಡಬೇಕು.

ಆದರೂ ₹8,400ನ್ನು ನೇರವಾಗಿ ಅವನ ತಲೆಗೆ ಕಟ್ಟುವುದು ಅನ್ಯಾಯ. ಗೂಡು ಜಾಸ್ತಿ ಹೋಗಲು ಕಾರಣ ಗೂಡಿನಲ್ಲೇ ಇರಬಹುದು, ಬೇಯಿಸುವುದರಲ್ಲಿರಬಹುದು, ಬಿಚ್ಚುವ ಕೈಯಲ್ಲಿರಬಹುದು. ತಿಳಿಯಲು ಒಂದು ಸರಳ ದಾರಿ ಇದೆ: ರೆಂಡಿಟಾವನ್ನು ಲಾಟುವಾರು, ಬೇಸಿನ್‌ವಾರು ಬರೆದಿಡುವುದು. ಒಂದೇ ಲಾಟು ಎಲ್ಲ ಬೇಸಿನ್‌ಗಳಲ್ಲೂ 8.2ರ ಹತ್ತಿರ ಬಂದಿದ್ದರೆ, ಮೊದಲು ಗೂಡನ್ನು ಅನುಮಾನಿಸಬೇಕು. ಅದೇ ಲಾಟು ಒಂದು ಕಡೆ 7.6, ಇನ್ನೊಂದು ಕಡೆ 8.8 ಬಂದಿದ್ದರೆ ದೋಷ ಒಳಗಿದೆ. ಗೂಡು ಅತಿಯಾಗಿ ಬೆಂದರೆ ಎಳೆ ಸಡಿಲಾಗಿ ಗೊಂಚಲಾಗಿ ಬರುತ್ತದೆ, ಹಸಿಯಾಗಿ ಉಳಿದರೆ ಪದೇ ಪದೇ ಹರಿಯುತ್ತದೆ. ಎರಡೂ ಕಡೆ ವೇಸ್ಟಿನ ತೂಕ ಏರುತ್ತದೆ. ಹಾಗಾಗಿ ವೇಸ್ಟನ್ನೂ ಬೇಸಿನ್‌ವಾರು ತೂಗುವುದು ಒಳ್ಳೆಯದು.

ಇನ್ನೊಂದು ಸೋರಿಕೆ ಸುಲಭಕ್ಕೆ ಕಾಣುವುದಿಲ್ಲ. ಹಸಿಗೂಡು ಇಟ್ಟಲ್ಲೇ ತೂಕ ಕಳೆದುಕೊಳ್ಳುತ್ತದೆ. ಮಾರುಕಟ್ಟೆಯ ಚೀಟಿಯ ತೂಕವನ್ನೇ ನಂಬಿದರೆ ಆ ಕಳೆತವೂ ಬಳಕೆ ವ್ಯತ್ಯಾಸದಲ್ಲಿ ಸೇರಿ ಬಿಚ್ಚುವವರ ಮೇಲೆ ಬರುತ್ತದೆ. ಬಿಚ್ಚಲು ಕೊಡುವಾಗ ಮತ್ತೊಮ್ಮೆ ತೂಗಿದರೆ ಆ ವಾದ ಅಲ್ಲಿಗೇ ಮುಗಿಯಿತು.

ಬೆಲೆಯ ಕಡೆಯ ಲಾಭವನ್ನೂ ಹಾಗೇ ನಂಬಬಾರದು. ಗೂಡಿನ ಬೆಲೆ ದಿನದಿನಕ್ಕೆ ಬದಲಾಗುತ್ತದೆ, ₹600 ತಿಂಗಳುಗಳ ಹಿಂದೆ ಬರೆದ ಅಂಕಿ. ಕೊಂಡ ದಿನ ಒಳ್ಳೆಯ ಗೂಡೇ ₹575ಕ್ಕೆ ಹೋಗುತ್ತಿತ್ತು ಎಂದುಕೊಳ್ಳಿ. ಆಗ ₹40ರಲ್ಲಿ ₹25 ಮಾರುಕಟ್ಟೆ ಇಳಿದದ್ದರಿಂದ ಬಂದದ್ದು, ಅದರಲ್ಲಿ ಕೊಂಡವರ ಜಾಣ್ಮೆ ಏನೂ ಇಲ್ಲ. ಸಾಧಾರಣ ಲಾಟು ಆರಿಸಿದ್ದರಿಂದ ಉಳಿದದ್ದು ಬರೀ ₹15, ಅಂದರೆ 164 ಕಿಲೋಗೆ ₹2,460. ಅದಕ್ಕಾಗಿ ತೆತ್ತದ್ದು 14 ಕಿಲೋ ಗೂಡು, ಅಂದಿನ ದರದಲ್ಲಿ ₹8,050. ಒಳ್ಳೆಯ ಗೂಡನ್ನೇ ಕೊಂಡು 7.5 ರೆಂಡಿಟಾ ತೆಗೆದಿದ್ದರೆ ₹86,250ಕ್ಕೆ ಮುಗಿಯುತ್ತಿತ್ತು. ನಿಜವಾದ ನಷ್ಟ ₹5,590. ಒಟ್ಟು ಲೆಕ್ಕ ತೋರಿಸಿದ್ದು ₹1,840 ಮಾತ್ರ.

ಖರೀದಿಯವರನ್ನು ಬೆಲೆ ವ್ಯತ್ಯಾಸದಿಂದ ಮಾತ್ರ ಅಳೆಯುವ ಘಟಕದಲ್ಲಿ ಈ ಕಥೆ ಮತ್ತೆ ಮತ್ತೆ ನಡೆಯುತ್ತದೆ. ಒಬ್ಬರಿಗೆ ಬೆನ್ನು ತಟ್ಟುವಿಕೆ, ಇನ್ನೊಬ್ಬರಿಗೆ ಬೈಗುಳ, ಎರಡಕ್ಕೂ ಕಾರಣ ಒಂದೇ ಲಾಟು. ಹಾಗೆಂದು ಮ್ಯಾನೇಜರ್ ರೆಂಡಿಟಾ ಇಳಿಸುವ ಹಟಕ್ಕೆ ಬಿದ್ದು ಗೂಡಿನ ಕೊನೆಯ ತೆಳು ಪದರವನ್ನೂ ಬಿಚ್ಚಿಸಿದರೆ, ಅಲ್ಲಿ ಎಳೆ ಸಣ್ಣಗಾಗಿ ನೂಲು ಏರುಪೇರಾಗುತ್ತದೆ. ಬಳಕೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ, ದೂರು ಮಗ್ಗದಿಂದ ಬರುತ್ತದೆ.

ಮ್ಯಾನೇಜರ್ ಖರೀದಿಯವರಿಗೆ ಕೊಡಬಹುದಾದ ಉಪಯುಕ್ತ ಉತ್ತರ ಒಂದು ಅಂಕಿ. ₹86,250ನ್ನು 164ರಿಂದ ಭಾಗಿಸಿದರೆ ಸುಮಾರು ₹526. 8.2 ರೆಂಡಿಟಾ ಕೊಡುವ ಆ ಲಾಟಿಗೆ, ಅಂದಿನ ಮಾರುಕಟ್ಟೆಯಲ್ಲಿ, ಹರಾಜು ಕೂಗುವುದನ್ನು ಅಲ್ಲಿಗೆ ನಿಲ್ಲಿಸಬೇಕಿತ್ತು.