ಮಾರಾಟಕ್ಕೆ ಮೊದಲೇ ಗ್ರಾಹಕನ ಗುರುತು

ಒಂದೂ ಸರಕು ಮಾರದ ಸ್ಟಾರ್ಟಪ್ ಬಳಿ ಗ್ರಾಹಕರ ಪಟ್ಟಿ ಇರುವುದಿಲ್ಲ. ಆದರೂ ಯಾರಿಗಾಗಿ ತಯಾರಿಸುತ್ತಿದ್ದೇವೆ ಎಂಬುದು ಗೊತ್ತಿರಲೇಬೇಕು. ಅದಕ್ಕಾಗಿ ಬರೆದಿಟ್ಟುಕೊಳ್ಳುವ ಮಾದರಿ ಗ್ರಾಹಕನ ಚಿತ್ರಣವೇ ‘ಪರ್ಸೋನಾ’. 1990ರ ದಶಕದ ಕೊನೆಗೆ ಇದನ್ನು ಹೆಸರುವಾಸಿ ಮಾಡಿದವರು ಸಾಫ್ಟ್‌ವೇರ್ ವಿನ್ಯಾಸಕ ಅಲನ್ ಕೂಪರ್.

ಕೊಳವೆಬಾವಿಯ ಪಂಪನ್ನು ಮೊಬೈಲಿನಿಂದ ನಡೆಸುವ ಸ್ಟಾರ್ಟರ್ ತಯಾರಿಸಲು ಹೊರಟ ತಂಡವೊಂದನ್ನು ಕಲ್ಪಿಸಿಕೊಳ್ಳಿ. ಅವರ ಮೊದಲ ಪರ್ಸೋನಾ ಹೀಗಿದೆ: ‘45 ವರ್ಷದ ರೈತ, ಐದು ಎಕರೆ ತೋಟ, ಸ್ಮಾರ್ಟ್‌ಫೋನ್ ಇದೆ. ತ್ರೀಫೇಸ್ ಕರೆಂಟ್ ಬಂದಾಗ ರಾತ್ರಿ ತೋಟಕ್ಕೆ ಹೋಗುವುದೇ ಕಷ್ಟ.’ ಇದೆಲ್ಲ ಕುಳಿತಲ್ಲೇ ಮಾಡಿದ ಊಹೆ. ವಯಸ್ಸು, ಎಕರೆ ತಿಳಿದ ಮಾತ್ರಕ್ಕೆ ಯಾರು ಕೊಳ್ಳುತ್ತಾರೆಂದು ಗೊತ್ತಾಗುವುದಿಲ್ಲ.

ತಂಡ ಎಂಟು ರೈತರನ್ನೂ ಒಬ್ಬ ಮೋಟಾರ್ ರಿವೈಂಡಿಂಗ್ ಮಾಡುವವರನ್ನೂ ಮಾತಾಡಿಸುತ್ತದೆ ಎನ್ನೋಣ. ‘ಇಂಥದ್ದು ಬಂದರೆ ತಗೋತೀರಾ?’ ಎಂದು ಕೇಳಿದರೆ ಮುಖದಾಕ್ಷಿಣ್ಯಕ್ಕೆ ಎಲ್ಲರೂ ಹೂಂ ಎನ್ನುತ್ತಾರೆ. ಹಾಗಾಗಿ ನಡೆದದ್ದನ್ನೇ ಕೇಳಬೇಕು: ಹೋದ ಸಲ ಮೋಟಾರ್ ಸುಟ್ಟಾಗ ಏನು ಮಾಡಿದಿರಿ? ಎಷ್ಟು ಖರ್ಚಾಯಿತು? ದುಡ್ಡು ಕೊಟ್ಟವರು ಯಾರು?

ಈಗ ಚಿತ್ರವೇ ಬದಲಾಗುತ್ತದೆ. ಎಂಟರಲ್ಲಿ ಐವರು ಆಗಲೇ ಆಟೋ ಸ್ಟಾರ್ಟರ್ ಹಾಕಿಸಿದ್ದಾರೆ. ಕರೆಂಟ್ ಬಂದೊಡನೆ ಪಂಪು ತಾನೇ ಓಡುತ್ತದೆ. ಅವರ ಭಯ ಬೇರೆ: ಬಾವಿಯಲ್ಲಿ ನೀರು ನಿಂತರೂ ಪಂಪು ಓಡುತ್ತಲೇ ಇದ್ದು ಮೋಟಾರ್ ಸುಟ್ಟುಹೋದರೆ? ರಿವೈಂಡಿಂಗ್ ಅಂಗಡಿಯವರೂ ಇದನ್ನೇ ಹೇಳುತ್ತಾರೆ. ಇನ್ನಿಬ್ಬರ ಮನೆಯಲ್ಲಿ ತೋಟ ನೋಡಿಕೊಳ್ಳುವವರು ಅಪ್ಪ, ರಿಪೇರಿಗೆ ಹಣ ಕಳಿಸುವವನು ಬೆಂಗಳೂರಿನಲ್ಲಿರುವ ಮಗ. ಹೀಗೆ ಎರಡು ಪರ್ಸೋನಾ ಸಿಕ್ಕವು: ಒಮ್ಮೆ ಮೋಟಾರ್ ಸುಟ್ಟು ಪೆಟ್ಟು ತಿಂದ ರೈತ, ದೂರದಿಂದ ತೋಟದ ಖರ್ಚು ನೋಡುವ ಮಗ. ಇಬ್ಬರನ್ನೂ ಬೇರ್ಪಡಿಸುವುದು ಅವರ ವಯಸ್ಸಲ್ಲ, ನಡವಳಿಕೆ.

ಪರ್ಸೋನಾದ ಪ್ರತಿ ಸಾಲಿನ ಮುಂದೆ ‘ಕಂಡದ್ದು’, ‘ಕೇಳಿದ್ದು’, ‘ಊಹೆ’ ಎಂದು ಗುರುತು ಹಾಕಬೇಕು. ಸುಟ್ಟ ಮೋಟಾರಿನ ಬಿಲ್ಲು ಕಂಡದ್ದು; ಮಗ ಹಣ ಕಳಿಸುತ್ತಾನೆಂದು ಅಪ್ಪ ಹೇಳಿದ್ದು ಕೇಳಿದ್ದು; ಆ ಮಗ ಸ್ಟಾರ್ಟರಿಗೂ ದುಡ್ಡು ಕೊಡುತ್ತಾನೆಂಬುದು ಇನ್ನೂ ಊಹೆ. ಬರೀ ಊಹೆಯೇ ತುಂಬಿದ್ದರೆ ಆ ಪರ್ಸೋನಾ ನಂಬಿ ಹಣ ಹೂಡಬಾರದು.

ಎಂಟು ಜನರಿಂದ ಗ್ರಾಹಕರ ಬಗೆಗಳು ತಿಳಿಯುತ್ತವೆ, ಶೇಕಡಾವಾರು ಲೆಕ್ಕ ತಿಳಿಯುವುದಿಲ್ಲ. ಪಂಪು ನಡೆಸುವ ಹೆಂಗಸರನ್ನು ಮಾತಾಡಿಸದಿದ್ದರೆ ಒಂದು ಬಗೆಯೇ ತಪ್ಪಿಹೋಗಬಹುದು. ಹೊಸಬರನ್ನು ಮಾತಾಡಿಸಿದರೂ ಹಳೆಯ ಮಾತೇ ಮರಳಿ ಬರತೊಡಗಿದಾಗ ಸದ್ಯಕ್ಕೆ ನಿಲ್ಲಿಸಬಹುದು.

ಕೊನೆಗೆ ಮುಖ್ಯ ಊಹೆಯನ್ನು ಪರೀಕ್ಷೆಗೆ ಒಡ್ಡಿ. ಆ ಮಗನಿಗೆ ಫೋನ್ ಮಾಡಿ, ಬೆಲೆ ಹೇಳಿ, ವಾಪಸ್ ಕೊಡುವ ಷರತ್ತಿನ ಮೇಲೆ 500 ರೂಪಾಯಿ ಮುಂಗಡ ಕೇಳಿ. ಅಂಥ ಹಲವರಲ್ಲಿ ಒಬ್ಬರೂ ಕೊಡದಿದ್ದರೆ, ಸ್ಟಾರ್ಟರ್ ತಯಾರಿಸುವ ಮೊದಲು ಆ ಪರ್ಸೋನಾವನ್ನು ತಿದ್ದಿ ಬರೆಯಿರಿ.