ಗೀಸರ್‌ ಒಳಗೆ ಕರಗುವ ರಾಡ್ ವಿಷವೇ? ಅದನ್ನು ತೆಗೆಸಿಬಿಡಬಹುದೇ?

ಜೆ.ಪಿ. ನಗರ, ಬಿಟಿಎಂ ಲೇಔಟ್ ಕಡೆ ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಗೀಸರ್ ಬಿಚ್ಚಿದರೆ, ಗುಂಡಿಗುಂಡಿಯಾಗಿ ಸವೆದ ಬೂದು ಬಣ್ಣದ ಕೋಲೊಂದು ಹೊರಬರುವುದುಂಟು. ‘ಇದು ಕಳಪೆ ಮಾಲು, ನೀರಿಗೆ ವಿಷ ಬಿಡುತ್ತದೆ, ತೆಗೆಸಿಬಿಡಿ’ ಎಂಬ ಮಾತು ನಂಬಿದರೆ ನಷ್ಟ ನಿಮಗೇ. ಆ ಕೋಲು ಕರಗಲೆಂದೇ ಇಟ್ಟಿರುವುದು.

ಎರಡು ಲೋಹ, ನಡುವೆ ನೀರು

ಹೆಚ್ಚಿನ ಗೀಸರ್‌ಗಳ ಟ್ಯಾಂಕ್ ಉಕ್ಕಿನದು, ನೀರು ಕಾಯಿಸುವ ಎಲಿಮೆಂಟ್‌ನ ಹೊರಕವಚ ಹಲವು ಮಾದರಿಗಳಲ್ಲಿ ತಾಮ್ರದ್ದು. ಎರಡೂ ಒಂದಕ್ಕೊಂದು ತಾಗಿಕೊಂಡು ಒಂದೇ ನೀರಿನಲ್ಲಿ ಮುಳುಗಿದರೆ ಅದು ಸಣ್ಣ ಬ್ಯಾಟರಿಯಂತಾಗುತ್ತದೆ. ಕಬ್ಬಿಣ ಎಲೆಕ್ಟ್ರಾನ್‌ಗಳನ್ನು ತಾಮ್ರಕ್ಕೆ ಕೊಟ್ಟು ತಾನು ನೀರಿನಲ್ಲಿ ಕರಗುತ್ತದೆ, ತಾಮ್ರ ಹಾಗೇ ಉಳಿಯುತ್ತದೆ. ಇದೇ ಗ್ಯಾಲ್ವಾನಿಕ್ ತುಕ್ಕು. ನೀರಿನಲ್ಲಿ ಲವಣ ಹೆಚ್ಚಿದ್ದಷ್ಟೂ ವಿದ್ಯುತ್ ಸುಲಭವಾಗಿ ಹರಿಯುತ್ತದೆ. ಹಾಗಾಗಿ ಕಾವೇರಿ ನೀರಿಗಿಂತ ಗಡುಸಾದ ಬೋರ್‌ವೆಲ್ ನೀರಿನಲ್ಲಿ ಈ ಕೆಲಸ ಬೇಗ ನಡೆಯುತ್ತದೆ.

ಕೋಟಿಂಗ್ ಒಂದೇ ಸಾಲದು

ಟ್ಯಾಂಕ್ ಒಳಗೆ ಗಾಜಿನಂಥ ಲೇಪನ ಇರುತ್ತದೆ. ನೀರು ಉಕ್ಕನ್ನು ಮುಟ್ಟದಿದ್ದರೆ ತುಕ್ಕಿಲ್ಲ. ಆದರೆ ವೆಲ್ಡಿಂಗ್ ಜಾಗದಲ್ಲಿ, ಫಿಟ್ಟಿಂಗ್ ಅಂಚಿನಲ್ಲಿ ಸೂಜಿಮೊನೆಯಷ್ಟು ಬಿರುಕು ಇದ್ದೇ ಇರುತ್ತದೆ. ಆಗ ಇಡೀ ತಾಮ್ರದ ಎಳೆತವೆಲ್ಲ ಆ ಒಂದು ಚುಕ್ಕಿಯ ಮೇಲೆ ಬೀಳುತ್ತದೆ. ಅಲ್ಲೇ ಆಳವಾಗಿ ಕೊರೆದು ಟ್ಯಾಂಕ್ ತೂತಾಗುತ್ತದೆ.

ಅದಕ್ಕೇ ಮೆಗ್ನೀಸಿಯಂ ರಾಡ್. ಅದನ್ನು ಆನೋಡ್ ರಾಡ್ ಎನ್ನುತ್ತಾರೆ. ಕಬ್ಬಿಣಕ್ಕಿಂತ ಸುಲಭವಾಗಿ ಎಲೆಕ್ಟ್ರಾನ್ ಬಿಡುವ ಲೋಹವಾದ್ದರಿಂದ, ಬಿರುಕಿನಲ್ಲಿರುವ ಉಕ್ಕಿನ ಬದಲು ತಾನು ಕರಗುತ್ತದೆ.

ಹಾಗಾದರೆ ನೀರಿಗೆ ಸೇರಿದ್ದು ಎಷ್ಟು?

ಲೆಕ್ಕ ಹಾಕಿ ನೋಡೋಣ. 200 ಗ್ರಾಂ ರಾಡ್ ಒಂದೇ ವರ್ಷದಲ್ಲಿ ಪೂರ್ತಿ ಕರಗಿತು, ಮನೆಯಲ್ಲಿ ದಿನಕ್ಕೆ 100 ಲೀಟರ್ ಬಿಸಿನೀರು ಬಳಸುತ್ತಾರೆ ಎಂದುಕೊಳ್ಳಿ. ವರ್ಷಕ್ಕೆ 36,500 ಲೀಟರ್. ಅಂದರೆ ಲೀಟರಿಗೆ ಸುಮಾರು ಐದೂವರೆ ಮಿಲಿಗ್ರಾಂ. ಕುಡಿಯುವ ನೀರಿನಲ್ಲೇ ಲೀಟರಿಗೆ 30 ಮಿಲಿಗ್ರಾಂ ಮೆಗ್ನೀಸಿಯಂ ಇರಬಹುದು ಎನ್ನುತ್ತದೆ ಭಾರತೀಯ ಮಾನದಂಡ. ಸ್ನಾನದ ನೀರಿಗೆ ಇದು ವಿಷವಲ್ಲ.

ಯಾವಾಗ ಬದಲಿಸಬೇಕು?

ಗಡುಸು ನೀರಿದ್ದರೆ ವರ್ಷಕ್ಕೊಮ್ಮೆ ನೋಡಿಸಿ. ಮೇನ್ ಸ್ವಿಚ್ ಆಫ್ ಮಾಡಿ, ನೀರು ತಣಿದು ಖಾಲಿಯಾದ ಮೇಲೆ ಮೆಕ್ಯಾನಿಕ್ ಬಿಚ್ಚಲಿ. ಮಧ್ಯದ ಕಬ್ಬಿಣದ ತಂತಿ ಕಾಣುತ್ತಿದ್ದರೆ ಹೊಸದು ಹಾಕಿಸಿ. ಮೇಲೆ ಬಿಳಿ ಸುಣ್ಣ ದಪ್ಪಗೆ ಕಟ್ಟಿದ್ದರೂ ರಾಡ್ ಸರಿಯಾಗಿ ಕೆಲಸ ಮಾಡುವುದಿಲ್ಲ. ತಣ್ಣೀರು ತಿಳಿಯಾಗಿದ್ದು ಬಿಸಿನೀರು ಮಾತ್ರ ಕಂದು ಬಣ್ಣಕ್ಕಿದ್ದರೆ ಟ್ಯಾಂಕ್‌ಗೇ ತುಕ್ಕು ಹಿಡಿದಿರುವ ಸಾಧ್ಯತೆ ಹೆಚ್ಚು. ತೂತಾದ ಮೇಲೆ ಹೊಸ ರಾಡ್ ಹಾಕಿ ಪ್ರಯೋಜನವಿಲ್ಲ. ಬಿಸಿನೀರಿಗೆ ಕೊಳೆತ ಮೊಟ್ಟೆಯ ವಾಸನೆ ಬಂದರೆ ಮಾತ್ರ ಬೇರೆ ಬಗೆಯ ರಾಡ್ ಬಗ್ಗೆ ಸರ್ವಿಸ್‌ನವರನ್ನು ಕೇಳಿ. ನೀರಿನ ಕೆಲವು ಬ್ಯಾಕ್ಟೀರಿಯಾ ಮತ್ತು ಮೆಗ್ನೀಸಿಯಂ ಸೇರಿದಾಗ ಆ ವಾಸನೆ ಬರುತ್ತದೆ.

ನೆನಪಿಡಿ: ಸವೆದ ರಾಡ್ ಟ್ಯಾಂಕ್ ಉಳಿಸಿದ ಗುರುತು. ತೆಗೆಸುವುದಾದರೆ ಹೊಸದನ್ನು ಹಾಕಿಸಲಿಕ್ಕೆ ಮಾತ್ರ.