ಪೋಸ್ಟ್ ಹೊರಡುವ ಮುನ್ನ ಒಂದು ತಪಾಸಣೆ

‘ಈ ಕಷಾಯವನ್ನು ಒಂದು ತಿಂಗಳು ಕುಡಿಯಿರಿ, ಸಕ್ಕರೆ ಕಾಯಿಲೆ ಬೇರುಸಹಿತ ಹೋಗುತ್ತದೆ.’ ಕನ್ನಡದ ಆರೋಗ್ಯ ಪುಟಗಳಲ್ಲಿ ಇಂಥ ಸಾಲುಗಳಿಗೆ ಬರವಿಲ್ಲ. ಕೆಳಗೆ ಸಣ್ಣಕ್ಷರದಲ್ಲಿ, ಇಂಗ್ಲಿಷಿನಲ್ಲಿ, ಫಲಿತಾಂಶ ಒಬ್ಬರಿಂದೊಬ್ಬರಿಗೆ ಬೇರೆಯಾಗಬಹುದು ಎಂಬ ಒಕ್ಕಣೆ. ಬರೆದವರಿಗೆ ಅಷ್ಟಕ್ಕೇ ಸಮಾಧಾನ. ಕಾನೂನಿಗೆ ಮಾತ್ರ ಅದು ಸಾಲದು.

1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಗೆ ಒಂದು ಅನುಸೂಚಿ ಇದೆ. ಅದರಲ್ಲಿರುವ 54 ಕಾಯಿಲೆಗಳಲ್ಲಿ ಮಧುಮೇಹವೂ ಒಂದು. ಈ ಕಾಯಿಲೆಗಳನ್ನು ತಮ್ಮ ಔಷಧ ವಾಸಿಮಾಡುತ್ತದೆ ಎಂದು ಜಾಹೀರಾತು ಕೊಡುವಂತಿಲ್ಲ. ಶಮನ ಮಾಡುತ್ತದೆ, ಬಾರದಂತೆ ತಡೆಯುತ್ತದೆ ಎನ್ನುವಂತೆಯೂ ಇಲ್ಲ. ಹಾಗಾಗಿ ‘ವಾಸಿ’ ತೆಗೆದು ‘ಹತೋಟಿಗೆ ತರುತ್ತದೆ’ ಎಂದು ತಿದ್ದಿದರೆ ಪಾರಾದೆವು ಎಂದುಕೊಳ್ಳುವ ಪುಟದವರು ಅದೇ ಗುಂಡಿಯ ಇನ್ನೊಂದು ಬದಿಯಲ್ಲಿ ನಿಂತಿರುತ್ತಾರೆ. ಮೊದಲ ಸಲ ತಪ್ಪು ಸಾಬೀತಾದರೆ ಆರು ತಿಂಗಳವರೆಗೆ ಸೆರೆವಾಸವಾಗಬಹುದು.

ಕೆಳಗಿನ ಒಕ್ಕಣೆಯ ಬಗ್ಗೆ ಬೇರೊಂದು ನಿಯಮವಿದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಎಚ್ಚರಿಕೆಯ ಮಾತು ಮೇಲಿನ ಹೇಳಿಕೆಯನ್ನು ವಿವರಿಸಬಹುದು, ಅದಕ್ಕೊಂದು ಷರತ್ತು ಸೇರಿಸಬಹುದು. ದಾರಿತಪ್ಪಿಸುವ ಹೇಳಿಕೆಯನ್ನು ಸರಿಪಡಿಸುವ ಕೆಲಸಕ್ಕೆ ಅದನ್ನು ಬಳಸುವಂತಿಲ್ಲ. ಹೇಳಿಕೆ ಯಾವ ಭಾಷೆಯಲ್ಲಿದೆಯೋ ಎಚ್ಚರಿಕೆಯೂ ಅದೇ ಭಾಷೆಯಲ್ಲಿರಬೇಕು, ಅಕ್ಷರವೂ ಅದೇ ಆಗಿರಬೇಕು. ಕನ್ನಡದಲ್ಲಿ ಆಸೆ ಹುಟ್ಟಿಸಿ ಇಂಗ್ಲಿಷಿನಲ್ಲಿ ಕೈತೊಳೆದುಕೊಳ್ಳುವುದು ಇಲ್ಲಿ ನಡೆಯುವುದಿಲ್ಲ.

ದಿನಕ್ಕೆ ಹತ್ತಾರು ಪೋಸ್ಟ್ ಹಾಕುವ ಪುಟಗಳಲ್ಲಿ ಇದನ್ನೆಲ್ಲ ಬರೆಯುವವರ ನೆನಪಿಗೆ ಬಿಡುವುದು ಕಷ್ಟ. ಅದಕ್ಕೇ ಪೋಸ್ಟನ್ನು ಬರೆದು ‘ನಾಳೆ ಬೆಳಿಗ್ಗೆ ಏಳಕ್ಕೆ ಹೋಗಲಿ’ ಎಂದು ಶೆಡ್ಯೂಲ್ ಮಾಡುವ ಹಂತದಲ್ಲೇ ತಪಾಸಣೆಯನ್ನು ಕೂರಿಸುತ್ತಾರೆ. ಈ ತಪಾಸಣೆ ಎರಡು ಬೇರೆ ಕೆಲಸ ಮಾಡುತ್ತದೆ: ಹೇಳಬಾರದ್ದನ್ನು ತಡೆಯುವುದು, ಹೇಳಬಹುದಾದದ್ದಕ್ಕೆ ಎಚ್ಚರಿಕೆ ಸೇರಿಸುವುದು. ಕ್ರಮ ಹೀಗೆಯೇ ಇರಬೇಕು. ಎಚ್ಚರಿಕೆ ಮೊದಲು ಅಂಟಿಕೊಂಡರೆ, ಪೋಸ್ಟ್ ಪರಿಶೀಲಿಸುವವರ ಕಣ್ಣಿಗೆ ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ.

ಕಷಾಯದ ಸಾಲನ್ನೇ ಈ ದಾರಿಯಲ್ಲಿ ಕಳಿಸಿ ನೋಡಬಹುದು. ‘ವಾಸಿ’, ‘ಗುಣ’ ಎಂಬ ಪದಗಳನ್ನಷ್ಟೇ ಹುಡುಕುವ ತಪಾಸಣೆಯಾದರೆ ಅದು ಸಲೀಸಾಗಿ ದಾಟುತ್ತದೆ. ಆ ಸಾಲಿನಲ್ಲಿ ಎರಡೂ ಪದಗಳಿಲ್ಲ. ‘ಬೇರುಸಹಿತ ಹೋಗುತ್ತದೆ’ ಎಂದಿದೆ. ಹಾಗೆಂದು ಬರೀ ‘ಗುಣ’ವನ್ನು ತಡೆಪಟ್ಟಿಗೆ ಸೇರಿಸಿದರೆ ‘ಗುಣಮಟ್ಟ’ವೂ ಸಿಕ್ಕಿಬೀಳುತ್ತದೆ. ‘ವಾಸಿಯಾಗ’ ಎಂದು ಹಾಕಿದರೆ ‘ಮೈಸೂರಿನ ನಿವಾಸಿಯಾಗಿರುವ ವೈದ್ಯರು’ ಎಂಬ ನಿರಪರಾಧಿ ವಾಕ್ಯವೂ ನಿಂತುಬಿಡುತ್ತದೆ, ಏಕೆಂದರೆ ‘ನಿವಾಸಿಯಾಗಿರುವ’ದ ಹೊಟ್ಟೆಯಲ್ಲಿ ‘ವಾಸಿಯಾಗ’ ಇದೆ.

ಆದ್ದರಿಂದ ಒಳ್ಳೆಯ ನಿಯಮ ಒಂಟಿ ಪದವನ್ನು ನೋಡುವುದಿಲ್ಲ. ಒಂದೇ ವಾಕ್ಯದಲ್ಲಿ ಅನುಸೂಚಿಯ ಕಾಯಿಲೆಯ ಹೆಸರು, ಮಾರುವ ವಸ್ತು, ಕಾಯಿಲೆ ಹೋಗುವ ಮಾತು ಮೂರೂ ಸೇರಿವೆಯೇ ಎಂದು ನೋಡುತ್ತದೆ. ಮಧುಮೇಹ, ಸಕ್ಕರೆ ಕಾಯಿಲೆ, ಶುಗರ್, ಡಯಾಬಿಟಿಸ್ ಎಲ್ಲವೂ ಒಂದೇ ಎಂದು ಅದಕ್ಕೆ ಮೊದಲೇ ಹೇಳಿಕೊಟ್ಟಿರಬೇಕು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವನ್ನೂ ಸೇರಿಸಿರಬೇಕು.

ಇನ್ನೂ ತೊಡಕಿನದು ಕನ್ನಡದ ನಿಷೇಧ ರೂಪ. ‘ಸಕ್ಕರೆ ಕಾಯಿಲೆ ಯಾವ ಕಷಾಯದಿಂದಲೂ ವಾಸಿಯಾಗುವುದಿಲ್ಲ’ ಎಂದು ಬರೆದ ವೈದ್ಯರ ಪೋಸ್ಟನ್ನು ತಡೆದರೆ ಜನರಿಗೇ ನಷ್ಟ. ಇಲ್ಲಿ ‘ಇಲ್ಲ’ ಬೇರೆ ಪದವಾಗಿ ನಿಲ್ಲದೆ ಕ್ರಿಯಾಪದದ ಬಾಲದಲ್ಲಿ ಕೂಡಿಕೊಂಡಿದೆ. ವಾಸಿಯಾಗದು, ವಾಸಿಯಾಗಲ್ಲ, ವಾಸಿಯಾಗೋದಿಲ್ಲ ಎಂದೂ ಬರಬಹುದು. ಪದದ ಕೊನೆಯವರೆಗೆ ಓದದ ತಪಾಸಣೆ ಇದನ್ನು ಹಿಡಿಯಲಾರದು. ಕೊನೆಯವರೆಗೆ ಓದಿದರೂ ‘ಶುಗರ್ ವಾಸಿಯಾಗುವುದಿಲ್ಲ ಎಂದವರು ಯಾರು? ನಮ್ಮ ಕಷಾಯ ಕುಡಿದು ನೋಡಿ’ ಎಂಬ ಜಾಣತನದ ಮುಂದೆ ಅದು ಸೋಲುತ್ತದೆ. ಇಂಥಲ್ಲಿ ಯಂತ್ರವೇ ತೀರ್ಪು ಕೊಡಬಾರದು. ಸ್ಪಷ್ಟ ಉಲ್ಲಂಘನೆಯನ್ನು ತಡೆದು, ಅನುಮಾನದ್ದನ್ನು ಹಿಡಿದಿಟ್ಟು, ಕನ್ನಡ ಬಲ್ಲ ಒಬ್ಬರ ಮುಂದಿಡಬೇಕು. ತಡೆದಾಗ ಬರೀ ‘ಅನುಮತಿಯಿಲ್ಲ’ ಎಂದರೆ ಬರೆದವರು ಪದ ಬದಲಿಸಿ ನುಸುಳಲು ನೋಡುತ್ತಾರೆ. ಯಾವ ಸಾಲು, ಯಾವ ನಿಯಮ ಎಂದು ತೋರಿಸಿದರೆ ಹೇಳಿಕೆಯನ್ನೇ ಕೈಬಿಡುವ ಸಾಧ್ಯತೆ ಹೆಚ್ಚು.

ಹಣಕಾಸಿನ ಪುಟಗಳಲ್ಲಿ ತೊಂದರೆಯ ಪದ ‘ಗ್ಯಾರಂಟಿ’. ಹೂಡಿಕೆ ಸಲಹೆಗಾರರು ಮತ್ತು ಸಂಶೋಧನಾ ವಿಶ್ಲೇಷಕರಿಗೆ ಸೆಬಿ 2023ರ ಏಪ್ರಿಲ್‌ನಲ್ಲಿ ಜಾಹೀರಾತು ಸಂಹಿತೆ ತಂದಿತು. ಖಚಿತ ಲಾಭದ ಭರವಸೆ, ‘ನಂಬರ್ ಒನ್’, ‘ಅತ್ಯುತ್ತಮ’ ಎಂಬ ಬಿರುದುಗಳು ಅಲ್ಲಿ ನಿಷಿದ್ಧ. ಮಾರುಕಟ್ಟೆ ಅಪಾಯದ ಎಚ್ಚರಿಕೆ ಕಡ್ಡಾಯ. ಆದರೆ ಕರ್ನಾಟಕದಲ್ಲಿ 2023ರಿಂದ ‘ಗ್ಯಾರಂಟಿ’ ಎಂದರೆ ಸರ್ಕಾರದ ಐದು ಯೋಜನೆಗಳೂ ಹೌದು. ‘ಗೃಹಲಕ್ಷ್ಮಿ ಗ್ಯಾರಂಟಿಯ 2,000 ರೂಪಾಯಿಯನ್ನು ಉಳಿಸುವುದು ಹೇಗೆ’ ಎಂಬ ಶೀರ್ಷಿಕೆಯನ್ನು ಬೇರೆ ಊರಿನಲ್ಲಿ ತಯಾರಾದ ತಡೆಪಟ್ಟಿ ಕಣ್ಣುಮುಚ್ಚಿ ನಿಲ್ಲಿಸುತ್ತದೆ. ಬ್ಯಾಂಕ್ ಠೇವಣಿಯ ‘ನಿಗದಿತ ಬಡ್ಡಿ’ಯೂ ಸುಳ್ಳಲ್ಲ, ಅದೇ ಮಾತನ್ನು ಷೇರು ನಿಧಿಗೆ ಹೇಳಿದರೆ ತಪ್ಪು. ಹಾಗಾಗಿ ಪೋಸ್ಟ್ ಯಾವ ಬಗೆಯ ಉತ್ಪನ್ನದ್ದು ಎಂದು ಬರೆದವರು ಮೊದಲು ಆರಿಸಲೇಬೇಕು, ಆರಿಸದೆ ಮುಂದಿನ ಪುಟ ತೆರೆಯಬಾರದು. ಆ ಆಯ್ಕೆಯೇ ಯಾವ ತಡೆಪಟ್ಟಿ, ಯಾವ ಎಚ್ಚರಿಕೆ ಎಂಬುದನ್ನು ನಿರ್ಧರಿಸುತ್ತದೆ.

ಎಚ್ಚರಿಕೆ ತಾನಾಗಿ ಸೇರಿದರೂ ಅದು ಓದುಗರಿಗೆ ಕಾಣುತ್ತದೆ ಎಂದು ಹೇಳಲಾಗದು. ಫೋನಿನಲ್ಲಿ ಉದ್ದ ಪೋಸ್ಟಿನ ಮೊದಲ ಕೆಲವು ಸಾಲುಗಳಷ್ಟೇ ತೆರೆದಿರುತ್ತವೆ. ಕೊನೆಗೆ ಅಂಟಿಸಿದ್ದು ‘ಇನ್ನಷ್ಟು’ ಎಂಬುದರ ಹಿಂದೆ ಅಡಗುತ್ತದೆ. ಹೇಳಿಕೆ ಚಿತ್ರದಲ್ಲಿದ್ದರೆ ಎಚ್ಚರಿಕೆಯೂ ಚಿತ್ರದಲ್ಲೇ ಇರಬೇಕು, ವಿಡಿಯೋದಲ್ಲಿ ಮಾತಿನಲ್ಲಿ ಹೇಳಿದರೆ ಆ ಮಾತಿನ ಜೊತೆಜೊತೆಗೇ ಬರಬೇಕು. ಅಕ್ಷರವನ್ನಷ್ಟೇ ಓದುವ ತಪಾಸಣೆಗೆ ಚಿತ್ರದೊಳಗಿನ ಬರಹವೂ ಕಾಣದು, ಮಾತೂ ಕೇಳದು. ಚಿತ್ರ, ವಿಡಿಯೋ ಇರುವ ಪೋಸ್ಟುಗಳನ್ನು ಒಬ್ಬರು ನೋಡಿಯೇ ಬಿಡಬೇಕಾಗುತ್ತದೆ.

ಇಷ್ಟೆಲ್ಲ ಕಟ್ಟಿದ ಮೇಲೂ ಉಳಿಯುವ ಸಂದು ಸಮಯದ್ದು. ಸೋಮವಾರ ಒಪ್ಪಿಗೆ ಸಿಕ್ಕ ಪೋಸ್ಟಿಗೆ ಬುಧವಾರ ಯಾರೋ ಒಂದು ಸಾಲು ಸೇರಿಸಿರುತ್ತಾರೆ. ಶುಕ್ರವಾರ ಅದು ಹಳೆಯ ಒಪ್ಪಿಗೆಯಲ್ಲೇ ಹೊರಟುಹೋಗುತ್ತದೆ. ಒಂದಕ್ಷರ ಬದಲಾದರೂ ಒಪ್ಪಿಗೆ ರದ್ದಾಗುವಂತೆ ಮಾಡುವುದು, ಪ್ರಕಟವಾಗುವ ಕ್ಷಣದಲ್ಲಿ ಇಂದಿನ ನಿಯಮಗಳೊಂದಿಗೆ ಮತ್ತೊಮ್ಮೆ ಹೋಲಿಸುವುದು ಇದಕ್ಕೆ ಪರಿಹಾರ. ಹಣಕಾಸಿನ ಪೋಸ್ಟುಗಳಲ್ಲಿ ಇದು ಇನ್ನೂ ಮುಖ್ಯ: ಶೆಡ್ಯೂಲ್ ಮಾಡಿದ ದಿನ ನಿಜವಾಗಿದ್ದ ಬಡ್ಡಿದರ ಪ್ರಕಟವಾಗುವ ದಿನಕ್ಕೆ ಬದಲಾಗಿರಬಹುದು. ಒಂದೇ ಸಲಕ್ಕೆ ನೂರು ಪೋಸ್ಟುಗಳನ್ನು ಕಡತದಿಂದ ತುಂಬುವ ದಾರಿಯೂ ಇದೇ ತಪಾಸಣೆಯ ಮೂಲಕ ಹಾದುಹೋಗಬೇಕು. ಪಕ್ಕದ ಬಾಗಿಲು ತೆರೆದಿದ್ದು ಎಷ್ಟೋ ಕಡೆ ಗೊತ್ತಾಗುವುದು ದೂರು ಬಂದ ಮೇಲೆ. ಆಗ ಯಾವ ಸಾಲು, ಯಾವ ನಿಯಮ, ಯಾರ ಒಪ್ಪಿಗೆ, ಯಾವ ಗಂಟೆಗೆ ಎಂಬ ದಾಖಲೆಯಿದ್ದರೆ ತಪ್ಪು ನಡೆದ ಜಾಗವನ್ನು ಹುಡುಕಬಹುದು. ದಾಖಲೆಯಿಲ್ಲದ ಪುಟದವರು ಪೋಸ್ಟ್ ಅಳಿಸುತ್ತಾರೆ, ಅದೇ ಸಾಲು ಮುಂದಿನ ವಾರ ಬೇರೆ ಚಿತ್ರದೊಂದಿಗೆ ಮತ್ತೆ ಬರುತ್ತದೆ.